ನೌಕರಿ ಬಿಟ್ಟು ಟ್ರೇಡಿಂಗೋ, ನೌಕರಿ ಇಟ್ಕೊಂಡು ಟ್ರೇಡಿಂಗೋ, ಇಲ್ಲಾ ಎರಡು ವರ್ಷ ತಡದೋ: ಹಳೇ ವಿದ್ಯಾರ್ಥಿಗೊಂದು ಪತ್ರ

ತಮ್ಮಾ,

ನೌಕರಿ ಬಿಟ್ಟು ಶೇರ್ ಮಾರ್ಕೆಟ್ ಟ್ರೇಡಿಂಗಿಗೆ ಇಳೀತೀನಿ ಅನ್ನೋ ನಿನ್ನ ಮೆಸೇಜ್ ನೋಡಿದೆ, ಸ್ಕ್ರೀನ್‌ಶಾಟ್ ನೋಡಿದೆ, ಆಮ್ಯಾಲೆ ನಾ ಕೇಳಿದ್ದಕ್ಕ ನೀ ಕಳಿಸಿದ 11 ತಿಂಗಳ ಸ್ಟೇಟ್‌ಮೆಂಟನ್ನೂ ಪ್ರಿಂಟ್ ತಗಸಿ ಎರಡು ದಿವಸ ಕೂತು ನೋಡೀನಿ. ಅದರ ನಡುವ ಗದಗಿನಿಂದ ನಿಮ್ಮ ಅವ್ವಾರ ಫೋನೂ ಬಂದಿತ್ತು, "ಸರ, ನೀವು ಹೇಳಿದ್ರ ಅಂವ ಕೇಳ್ತಾನ್ರಿ" ಅಂದ್ರು. ನೀ ನನ್ನ ಮಾತು ಕೇಳ್ತಿದ್ದಿ ಅನ್ನೋದು ನನಗೇನ ನೆನಪಿಲ್ಲ, ಇಂಟರ್ನಲ್ಸ್‌ನ್ಯಾಗ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗದಿದ್ರ ಸಸ್ಪೆನ್ಸ್ ಅಕೌಂಟ್ ಹಾಕಿ ಕೊಟ್ಟು ಹೋಗಾಂವ ನೀ. ಇರಲಿ. ಬೈಲಿಕ್ಕೆ ಬರೀಲಿಕತ್ತಿಲ್ಲ, ನಿನ್ನ ಮುಂದ ಮೂರು ದಾರಿ ಅದಾವ, ಮೂರನ್ನೂ ನಿನ್ನವ ಅಂಕಿ ಹಾಕಿ ತೂಗಿ ನೋಡೋಣು ಅಂತ ಬರೀಲಿಕತ್ತೀನಿ. ಒಂದು, ಈ ತಿಂಗಳ ರಾಜೀನಾಮೆ ಕೊಟ್ಟು ಪೂರ್ತಿ ಟ್ರೇಡಿಂಗ್. ಎರಡು, ನೌಕರಿ ಇಟ್ಕೊಂಡು ಟ್ರೇಡಿಂಗ್. ಮೂರು, ಎರಡು ವರ್ಷ ಬಿಟ್ಟು ಮತ್ತ ಇದೇ ಪ್ರಶ್ನೆ ಕೇಳೂದು.

ಮೊದಲ ಆ ಸ್ಕ್ರೀನ್‌ಶಾಟ್. ಹಸರು ಅಕ್ಷರದಾಗ 1,94,000 ಅಂತ ಅದ, ಅದನ್ನ ನೋಡೇ ನೀ ಹಾರಾಡ್ಲಿಕತ್ತೀ. ಅದು ಚಾರ್ಜ್ ಕಳೀದ ಅಂಕಿ ತಮ್ಮಾ. ನೀ ಆಡೂದು ನಿಫ್ಟಿ ವೀಕ್ಲಿ ಆಪ್ಷನ್, ಅಂದ್ರ ನಿಫ್ಟಿ ಏರ್ತದೋ ಇಳೀತದೋ ಅಂತ ಒಂದು ವಾರದ ಪಂದ್ಯದ ಚೀಟಿ ಇದ್ದಂಗ, ಒಂದು ಲಾಟ್ ಅಂದ್ರ 65 ಚೀಟಿ ಹಿಡಿಯೋಣು, ಒಂದರ ರೇಟು, ಅಂದ್ರ ಪ್ರೀಮಿಯಂ, 120 ಇದ್ದಾಗ ತಗೊಂಡಿ ಅಂದ್ರ 7,800 ರೂಪಾಯಿ. ತಗೊಂಡು ಅದೇ ರೇಟಿಗೆ ಮಾರಿದ್ರೂ ಬ್ರೋಕರೇಜ್ 20 ಮತ್ತ 20 ಕೂಡಿ 40, ಎಸ್‌ಟಿಟಿ ತೆರಿಗಿ 2026ರ ಮಾರ್ಚ್ ತನಕದ ರೇಟಿನ್ಯಾಗ ಸುಮಾರು 8, ಎಕ್ಸ್‌ಚೇಂಜಿನವರದು ಐದಾರು ರೂಪಾಯಿ, ಜಿಎಸ್‌ಟಿ 8, ಸ್ಟಾಂಪ್ ಡ್ಯೂಟಿ ಚಿಲ್ಲರ, ಎಲ್ಲಾ ಕೂಡಿ 62 ರೂಪಾಯಿ ಹತ್ರ ಹೋಗ್ತದ. ಅಂದ್ರ ಪ್ರೀಮಿಯಂ ಹೆಚ್ಚುಕಡಿಮಿ ಒಂದು ರೂಪಾಯಿ ಏರಿದ ಮ್ಯಾಲೇ ನೀ ಸೊನ್ನಿಗೆ ಬರೂದು. ಒಂದು ಟ್ರೇಡಿಗೆ 62 ರೂಪಾಯಿ, ಅಂದ್ರ ಎರಡು ಗಿರ್ಮಿಟ್ಟು, ಒಂದು ಪ್ಲೇಟ್ ಮಿರ್ಚಿ ಭಜಿ, ಏನೂ ಅನಸೂದಿಲ್ಲ. ಆದ್ರ ನೀ 11 ತಿಂಗಳದಾಗ 1,100 ಟ್ರೇಡ್ ಮಾಡೀದಿ. 68,000 ಅಲ್ಲೇ ಹೋತು, ಉಳದದ್ದು 1,26,000. ತಿಂಗಳಿಗೆ ಹನ್ನೊಂದೂವರೆ ಸಾವಿರ, ನಿನ್ನ 6 ಲಕ್ಷ ಬಂಡವಾಳಕ್ಕ ತಿಂಗಳಿಗೆ 1.9 ಪರ್ಸೆಂಟ್. ಇದು ಕಡಿಮಿ ಅಲ್ಲ, ಸುಳ್ಳ್ಯಾಕ ಹೇಳ್ಲಿ, ಖರೇನ ನಿಂತ್ರ ಭಾಳ ಛಲೋ ಅಂಕಿ ಇದು.

ನಿಂತದೋ ಇಲ್ಲೋ ಅಂತ ನೋಡ್ಲಿಕ್ಕೆ ನಾ ಒಂದು ಕೆಲಸ ಮಾಡಿದೆ, ನೀನೂ ಮಾಡಿ ನೋಡು. ದಿನಾ ದಿನದ ನಿವ್ವಳ ಲಾಭ-ಲುಕ್ಸಾನ ಎಕ್ಸೆಲ್‌ನ್ಯಾಗ ಹಾಕಿ, ದೊಡ್ಡದರಿಂದ ಸಣ್ಣದಕ್ಕ ಜೋಡಿಸಿ, ಮ್ಯಾಲಿನ ಮೂರೇ ಮೂರು ದಿವಸ ಅಳಿಸಿಬಿಡು. ನಿನ್ನ ಆ ಮೂರು ದಿವಸದ ಗಳಿಕೆ 1,42,000. ಅವನ್ನ ತಗದ್ರ ಉಳದ 11 ತಿಂಗಳ ಮೈನಸ್ 16,000. ಅಂದ್ರ ಮೂರು ದಿವಸ ಬಿಟ್ರ ಉಳದ ಎಲ್ಲಾ ದಿವಸ ಕೂಡಿ ನೀ ಬ್ರೋಕರನ ಹೊಟ್ಟಿ ತುಂಬಿಸೀದಿ. ದೊಡ್ಡ ದಿವಸದ ಮ್ಯಾಲೆ ನಿಂತ ಟ್ರೇಡಿಂಗ್ ತಪ್ಪಂತಲ್ಲ, ಹಂಗ ಗಳಿಸೋ ಮಂದೀನೂ ಅದಾರ, ಆದ್ರ ಅಂಥಾ ದಿವಸ ವರ್ಷಕ್ಕ ಮೂರು ಬರ್ತಾವೋ, ಒಂದು ಬರ್ತದೋ, ಮಾರ್ಚ್‌ನ್ಯಾಗ ಬರ್ತಾವೋ ದೀಪಾವಳಿಗೆ ಬರ್ತಾವೋ ಯಾರಿಗೂ ಗೊತ್ತಿಲ್ಲ. ಮನಿ ಬಾಡಿಗಿ ಮಾತ್ರ ಐದನೇ ತಾರೀಖಿಗೇ ಬರ್ತದ.

ಇಲ್ಲೇ ಮೊದಲನೇ ದಾರಿ, ಅಂದ್ರ ನೌಕರಿ ಬಿಡೂದರ ಲೆಕ್ಕ ಶುರು ಆಗ್ತದ. ಮಂದಿ ಎಲ್ಲಾ "ನಿನಗ ಟ್ರೇಡಿಂಗ್ ಬರ್ತದೋ ಇಲ್ಲೋ" ಅಂತ ಕೇಳ್ತಾರ. ನನ್ನ ಪ್ರಶ್ನೆ ಬ್ಯಾರೆ ಅದ, ನಿನಗ ಟ್ರೇಡಿಂಗ್ ಭಾಳ ಛಲೋ ಬರ್ತದ ಅಂತನ ಹಿಡಿಯೋಣು, ಆಗೇನಾಗ್ತದ?

ಖರ್ಚು ನೀನ ಬರದು ಕಳಿಸೀದಿ. ನವನಗರದ ಮನಿ ಬಾಡಿಗಿ 9,000, ರೇಷನ್ನು ಹಾಲು ತರಕಾರಿ 9,000, ಮಗಳ ಸಾಲಿಗೆ 3,000, ಊರಿಗೆ ಅಪ್ಪಾರಿಗೆ 5,000, ಪೆಟ್ರೋಲ್ ಫೋನ್ ಕರೆಂಟು ಎಲ್ಲಾ ಹಿಡದು 4,000. ಒಟ್ಟು 30,000. ಇದರಾಗ ನೀ ಮರತದ್ದು ಎರಡು ಅದಾವ. ಆಫೀಸಿನ ಗ್ರೂಪ್ ಇನ್ಶೂರೆನ್ಸ್‌ನ್ಯಾಗ ನಿಮ್ಮ ಅಪ್ಪಾರೂ ಅದಾರ, ಅವರಿಗೆ ಸಕ್ಕರೆ ಕಾಯಿಲೆ, ನೀ ನೌಕರಿ ಬಿಟ್ಟ ದಿವಸ ಅದು ಮುಗೀತು, ಹೊರಗ ಪಾಲಿಸಿ ಮಾಡಸಬೇಕಂದ್ರ ತಿಂಗಳಿಗೆ 3,000 ಆದ್ರೂ ಹಿಡಿ. ಆಮ್ಯಾಲೆ ಪಿಎಫ್, ನಿನ್ನ ಪಾಲು ಆಫೀಸಿನ ಪಾಲು ಕೂಡಿ ಏನು ಹೊಂಟದ ಅದನ್ನ ಇನ್ನು ಮುಂದ ನೀನ ಹಾಕಬೇಕು, ಅದಕ್ಕೊಂದು 3,000. ಒಟ್ಟು 36,000 ತಿಂಗಳಿಗೆ. ಟ್ಯಾಕ್ಸ್ ಹಿಡದಿಲ್ಲ, ಲಗ್ನ ಮುಂಜಿವಿ ದವಾಖಾನಿ ಹಿಡದಿಲ್ಲ, ಲ್ಯಾಪ್‌ಟಾಪ್ ಕೆಟ್ರ ಹಿಡದಿಲ್ಲ.

ಈಗ ನೀ ತಿಂಗಳಿಗೆ 3 ಪರ್ಸೆಂಟ್ ಗಳಸ್ತೀ ಅಂತ ಹಿಡಿಯೋಣು, ಎಲ್ಲಾ ಚಾರ್ಜ್ ಕಳದು, ಒಂದು ತಿಂಗಳೂ ತಪ್ಪದ. ಇದು ನಿನ್ನ 1.9ಕ್ಕಿಂತ ದೀಡ ಪಟ್ಟು, ಇಷ್ಟು ವರ್ಷ ಪಾಠ ಹೇಳಿದ ನಾ ಇಂಥಾ ಮನಷ್ಯಾನ್ನ ಕಣ್ಣಿಂದ ನೋಡಿಲ್ಲ, ಇರಲಿ. ಮೊದಲನೇ ತಿಂಗಳು 6 ಲಕ್ಷಕ್ಕ 18,000 ಬಂತು, ಮನಿಗೆ 36,000 ತಗದಿ, ಉಳದದ್ದು 5,82,000. ಎರಡನೇ ತಿಂಗಳು ಅದೇ 3 ಪರ್ಸೆಂಟ್, ಆದ್ರ ಬಂದದ್ದು 17,460, ಮತ್ತ 36,000 ಹೋತು, ಉಳದದ್ದು 5,63,460. ಹಿಂಗ ನಡದ್ರ ವರ್ಷ ತುಂಬೂದ್ರಾಗ 3,44,000ಕ್ಕ ಬಂದು ನಿಲ್ತೀ. 23ನೇ ತಿಂಗಳಿಗೆ ಖಾತೇದಾಗ 15,000 ಚಿಲ್ಲರ ಇರ್ತದ, 24ನೇ ತಿಂಗಳ ಮನಿ ಖರ್ಚಿಗೆ ಅದು ಸಾಲೂದಿಲ್ಲ. ಒಂದು ತಿಂಗಳೂ ಲುಕ್ಸಾನ ಮಾಡದ, ಎಲ್ಲಾ ತಿಂಗಳೂ ಗೆದ್ದು, ಎರಡು ವರ್ಷದೊಳಗ ಖಾಲಿ.

ಈಗ ಇದೇ ಮನಷ್ಯಾ, ಇದೇ 3 ಪರ್ಸೆಂಟ್, ಇದೇ 6 ಲಕ್ಷ, ಆದ್ರ ಮನಿ ಪಗಾರದಾಗ ನಡೀತದ. 12 ತಿಂಗಳಿಗೆ 8,55,000. 23 ತಿಂಗಳಿಗೆ 11,84,000. ಆ ಕಡೆ ಖಾತೆ ಬರಿದಾಗೂ ಹೊತ್ತಿಗೆ ಈ ಕಡೆ ಡಬಲ್ ಆಗಿರ್ತದ. ಜಾಣತನ ಎರಡೂ ಕಡೆ ಒಂದ, ಮನೀ ಖರ್ಚು ಎಲ್ಲಿಂದ ಬರ್ತದ ಅನ್ನೋದೊಂದ ಫರಕು. ಬೋರ್ಡ್ ಮ್ಯಾಲೆ ಇದನ್ನ ನಿಮ್ಮ ಬ್ಯಾಚಿಗೂ ಹಾಕಿ ತೋರಿಸಿದ್ದೆ, ಆ್ಯನ್ಯುಟಿ ಪಾಠದಾಗ, ಆವತ್ತು ನೀ ಕ್ಲಾಸಿಗೆ ಬಂದಿರಲಿಲ್ಲ ಅಂತ ಕಾಣ್ತದ.

ಇದು ಎಲ್ಲಾ ತಿಂಗಳು ಗೆದ್ದವನ ಕಥಿ. ಖರೇ ಟ್ರೇಡಿಂಗ್‌ನ್ಯಾಗ ಶುರೂದಾಗ ಮೂರು ತಿಂಗಳು ಕೆಟ್ವು ಅಂತ ಹಿಡಿ, ಭಾಳೇನಿಲ್ಲ, ತಿಂಗಳಿಗೆ 7 ಪರ್ಸೆಂಟ್ ಲುಕ್ಸಾನ. ಇಂಥಾವು ಎಲ್ಲರಿಗೂ ಬರ್ತಾವ. ಅದರ ಜೋಡಿ ಮನಿಗೆ 36,000 ತಗೊಂಡು ಹೋದ್ರ ಮೂರನೇ ತಿಂಗಳ ಕೊನಿಗೆ ಉಳಿಯೂದು 3,82,000. ಈಗ ಅದೇ ಮನಿ ನಡೀಬೇಕಂದ್ರ ತಿಂಗಳಿಗೆ 9 ಪರ್ಸೆಂಟಿನ ಮ್ಯಾಲೆ ಗಳಸಬೇಕು. ಆಗ ಮನಷ್ಯಾ ಏನ್ಮಾಡ್ತಾನ? ಒಂದು ಲಾಟ್ ಇದ್ದದ್ದು ಮೂರಾಗ್ತದ, ಇಷ್ಟು ಲುಕ್ಸಾನಕ್ಕ ಹೊರಗ ಬರಬೇಕು ಅಂತ ಇಟ್ಟ ಸ್ಟಾಪ್‌ಲಾಸ್ "ಈ ಒಂದು ಸಲ" ಅಂತ ಸರಸ್ತಾನ, ಆಪ್ಷನ್ ಮುಗಿಯೋ ಎಕ್ಸ್‌ಪೈರಿ ದಿವಸ ಮಧ್ಯಾಹ್ನ ಎರಡರ ಮ್ಯಾಲೆ ಐದು ರೂಪಾಯಿ ಆಪ್ಷನ್ ತಗೊಂಡು ದೇವರಿಗೆ ಕೈ ಮುಗಿತಾನ. ಅಂವಗ ಬುದ್ಧಿ ಇಲ್ಲಂತಲ್ಲ, ಬಾಡಿಗಿ ಕೊಡೂದದ. ನಿನ್ನ ಸ್ಟೇಟ್‌ಮೆಂಟ್‌ನ್ಯಾಗ ಒಂದು ದಿವಸ 3 ಲಾಟ್ ಹೊಡದೀದಿ, ಹಿಂದಿನ ದಿವಸ 14,000 ಹೋಗಿತ್ತು, ನಾ ಪೆನ್ಸಿಲ್‌ಲೆ ಗೋಲ ಹಾಕಿ ಇಟ್ಟೀನಿ. ಪಗಾರ ಇದ್ದಾಗನ ಹಿಂಗ ಮಾಡೀದಿ.

ನೀ ಬರದೀದಿ, "ಸರ್ ಸೆಬಿ ರಿಪೋರ್ಟ್ ನಾನೂ ಓದೀನಿ, 93 ಪರ್ಸೆಂಟ್ ಮಂದಿ ಲುಕ್ಸಾನ ಮಾಡ್ಕೋತಾರ, ನಾ ಉಳದ 7ರಾಗ ಬರ್ತೀನಿ". ಶೇರ್ ಮಾರ್ಕೆಟ್ ಮ್ಯಾಲೆ ಕಣ್ಣಿಡೋ ಸೆಬಿಯವರ 2024ರ ಸೆಪ್ಟೆಂಬರ್ ರಿಪೋರ್ಟ್ ಅದು, ಮೂರು ವರ್ಷದ ಎಫ್ ಆ್ಯಂಡ್ ಓ, ಅಂದ್ರ ಫ್ಯೂಚರ್ಸ್ ಮತ್ತ ಆಪ್ಷನ್ ಲೆಕ್ಕ. ಆದ್ರ ಆ 7ರಾಗ ಒಂದು ರೂಪಾಯಿ ಗಳಿಸಿದವನೂ ಬಂದ. ಖರ್ಚು ಕಳದು 1 ಲಕ್ಷದ ಮ್ಯಾಲೆ ಗಳಿಸಿದವರು ಅದೇ ರಿಪೋರ್ಟಿನ ಪ್ರಕಾರ 1 ಪರ್ಸೆಂಟ್. ನಿನಗ ಬೇಕಾದದ್ದು ವರ್ಷಕ್ಕ 4,32,000, ಅದೂ ಪ್ರತಿ ವರ್ಷ. ನೀ 7ರಾಗ ಬಂದ್ರ ಸಾಲೂದಿಲ್ಲ, ಆ ಒಂದರಾಗೂ ಮ್ಯಾಲಿನ ತುದೀಗೆ ಬರಬೇಕು.

ಇನ್ನೊಂದು ಮಾತು ನೀ ಗಟ್ಟಿಯಾಗಿ ಹೇಳೀದಿ, ಪೂರ್ತಿ ಟೈಮ್ ಸ್ಕ್ರೀನ್ ಮುಂದ ಕುಂತ್ರ ಇನ್ನೂ ಛಲೋ ಮಾಡ್ತೀನಿ, ಈಗ ಆಫೀಸಿನ ಟಾಯ್ಲೆಟ್‌ನ್ಯಾಗ ಕುಂತು ಎಕ್ಸಿಟ್ ಹೊಡೀಬೇಕಾಗ್ತದ ಅಂತ. ಇದು ಕೇಳ್ಲಿಕ್ಕೆ ಬರೋಬ್ಬರಿ ಅನಸ್ತದ, ಮತ್ತ ಇದನ್ನ ಪರೀಕ್ಷೆ ಮಾಡ್ಲಿಕ್ಕೆ ನೌಕರಿ ಬಿಡೂದು ಬ್ಯಾಡ, ನೀ ಆಗಲೇ ಮಾಡೀದಿ. ಈ 11 ತಿಂಗಳದಾಗ ರಜಾ ಹಾಕಿ ಮನ್ಯಾಗ ಕುಂತ ದಿವಸ ಯಾವು ಅಂತ ಕೇಳಿದೆ, ನೀ 14 ತಾರೀಖು ಕಳಿಸಿದಿ, ಯಾಕ ಕೇಳ್ಲಿಕತ್ತಾರ ಅಂತ ನಿನಗ ತಿಳೀಲಿಲ್ಲ. ಆಫೀಸಿಗೆ ಹೋದ ದಿವಸ ನೀ ಸರಾಸರಿ ನಾಕೈದು ಟ್ರೇಡ್ ಮಾಡೀದಿ. ರಜಾ ದಿವಸ ಹನ್ನೊಂದು. ಆ 14 ದಿವಸದ ನಿವ್ವಳ ಮೈನಸ್ 21,000. ಅಂದ್ರ ಆ ಆಫೀಸ್ ನಿನ್ನನ್ನ ತಡದು ಕಾಪಾಡ್ಯದ, ಮ್ಯಾನೇಜರ್ ಕರದಾಗ ಎದ್ದು ಹೋಗಿದ್ದಕ್ಕ ಎಷ್ಟು ಕೆಟ್ಟ ಟ್ರೇಡ್ ತಪ್ಪಿದಾವೋ. 14 ದಿವಸ ಭಾಳ ಕಡಿಮಿ ಲೆಕ್ಕ, ಇದರ ಮ್ಯಾಲೆ ಕಡ್ಡಿ ಮುರದು ಹೇಳ್ಲಿಕ್ಕೆ ಆಗೂದಿಲ್ಲ, ಒಪ್ಕೋತೀನಿ. ಆದ್ರ ನಿನ್ನ ಮಾತಿಗೆ ಇದ್ದ ಒಂದ ಸಾಕ್ಷಿ ಉಲ್ಟಾ ಹೇಳ್ಲಿಕತ್ತದ.

ನನ್ನದೂ ಒಂದು ಹೇಳಿಬಿಡ್ತೀನಿ, ಕ್ಲಾಸಿನಾಗ ಯಾವತ್ತೂ ಹೇಳಿಲ್ಲ. 2008ರ ಜನವರಿ, ನಂದು ಎರಡು ಸ್ಟಾಕ್ ಫ್ಯೂಚರ್ಸ್ ಇದ್ವು, ಎಲ್ಲಾರೂ ಗಳಸ್ಲಿಕತ್ತಿದ್ರು, ಫೈನಾನ್ಸ್ ಮಾಸ್ತರ ನಾ ಬಿಟ್ರ ಹೆಂಗ. 21ನೇ ತಾರೀಖು ಸೋಮವಾರ ಮಾರ್ಕೆಟ್ ಬಿತ್ತು, ಸಂಜಿಮುಂದ ಮಾರ್ಜಿನ್, ಅಂದ್ರ ಒತ್ತೆ ರೊಕ್ಕ, ತುಂಬ್ರಿ ಅಂತ ಬ್ರೋಕರನ ಫೋನ್. ನಾಳೆ ಮುಂಜಾನೆ ಚೆಕ್ ಕೊಡ್ತೀನಿ ಅಂದೆ. 22ಕ್ಕ ಮುಂಜಾನೆ ಮಾರ್ಕೆಟ್ ತಗದ ಕೂಡ್ಲೇ ಲೋವರ್ ಸರ್ಕ್ಯೂಟ್, ಒಂದು ತಾಸು ಬಂದ್. ಚೆಕ್ ಬುಕ್ ಕಿಸೆದಾಗ ಇಟ್ಕೊಂಡು ಹುಬ್ಬಳ್ಳಿ ಬಸ್ಸಿನ್ಯಾಗ ಕುಂತಿದ್ದೆ, ನಾ ಮುಟ್ಟೂದ್ರಾಗ ಅವರು ಪೊಸಿಷನ್ ಕಟ್ ಮಾಡಿ ಮುಗಿಸಿದ್ರು. 1,60,000 ಹೋತು. ಅವಾಗಿನ ನನ್ನ ಏಳೆಂಟು ತಿಂಗಳ ಪಗಾರ. ಮನ್ಯಾಗ ನಾಕು ತಿಂಗಳು ಹೇಳಲೇ ಇಲ್ಲ, ಯುಗಾದಿ ಹೋಳಿಗಿ ಗಂಟಲದಾಗ ಇಳೀಲಿಲ್ಲ. ಆದ್ರ ಫೆಬ್ರುವರಿ ಪಗಾರ ಬಂತು, ಮನಿ ನಡೀತು, ಕಳದದ್ದನ್ನ ಗಳಸಬೇಕು ಅಂತ ಮರುದಿವಸನ ಮಾರ್ಕೆಟ್ಟಿಗೆ ಓಡೂ ಗರಜು ನನಗ ಬರಲಿಲ್ಲ.

ಹಂಗಾರ ಎರಡನೇ ದಾರಿ, ನೌಕರಿ ಇಟ್ಕೊಂಡು ಟ್ರೇಡಿಂಗ್. ಇದು ಸಲೀಸು ಅಂತ ನಾ ಹೇಳೂದಿಲ್ಲ. ಮಾರ್ಕೆಟ್ 9:15ರಿಂದ 3:30, ನಿನ್ನ ಆಫೀಸೂ ಅದೇ ಹೊತ್ತು, ಎರಡೂ ಕಡೆ ಅರ್ಧ ಮನಸ್ಸು ಇಟ್ರ ಟ್ರೇಡೂ ಕೆಡ್ತದ, ಒಂದು ದಿವಸ ನೌಕರೀನೂ ಕೆಡ್ತದ. ಅದಕ್ಕ ಈ ದಾರಿ ಹಿಡದ್ರ ಟ್ರೇಡಿಂಗಿನ ಜಾತೀನ ಬದಲಿ ಮಾಡಬೇಕು. ಡೆಲಿವರಿ ತಗೊಂಡು ಕೆಲವು ವಾರ ಇಟ್ಕೊಳ್ಳೋ ಸ್ವಿಂಗ್ ಟ್ರೇಡಿಂಗ್, ರಾತ್ರಿ ಊಟ ಆದ ಮ್ಯಾಲೆ ಅರ್ಧ ತಾಸು ಕೂತು ಚಾರ್ಟ್ ನೋಡೂದು, ಹೇಳಿದ ರೇಟ್ ಮುಟ್ಟಿದಾಗ ತಾನ ಹೋಗೋ ಜಿಟಿಟಿ ಆರ್ಡರ್ ಹಾಕಿ ಮಲಗೂದು, ಹಗಲೊತ್ತು ಫೋನ್ ಮುಟ್ಟಂಗಿಲ್ಲ. ವೀಕ್ಲಿ ಆಪ್ಷನ್ ಆಡಿದ ಮನಷ್ಯಾಗ ಇದು ಸಪ್ಪಗ ಅನಸ್ತದ, ಉಪ್ಪಿಲ್ಲದ ಝುಣಕ ತಿಂದಂಗ. ಮತ್ತ ಆಪ್ಷನ್‌ನ್ಯಾಗ ಕಲತದ್ದು ಇಲ್ಲಿ ಅಷ್ಟೇನ ಉಪಯೋಗ ಬರೂದಿಲ್ಲ, ಹೊಸದಾಗಿ ಕಲೀಬೇಕು. ಆಪ್ಷನ್ ಬಿಡೂದ ಇಲ್ಲ ಅಂದ್ರ ತಿಂಗಳಿಗೆ 10 ಟ್ರೇಡ್, ಒಂದು ಲಾಟ್, ಅಷ್ಟ. ಚಾರ್ಜ್ 6,000ದಿಂದ 620ಕ್ಕ ಇಳೀತದ, ಆಗ ನಿನ್ನ ಕೈಚಳಕ ಖರೇ ಎಷ್ಟದ ಅಂತ ಗೊತ್ತಾಗ್ತದ.

ಟ್ಯಾಕ್ಸ್ ಒಂದು ಮರೀಬ್ಯಾಡ, ಎಫ್ ಆ್ಯಂಡ್ ಓ ಅಂದ್ರ ಬಿಸಿನೆಸ್ ಇನ್‌ಕಮ್, ಐಟಿಆರ್-3 ತುಂಬಬೇಕು, ಅದರ ಲುಕ್ಸಾನ ಪಗಾರದಾಗ ಕಳಿಯೂಹಂಗಿಲ್ಲ, ಆದ್ರ ಡ್ಯೂ ಡೇಟಿನೊಳಗ ರಿಟರ್ನ್ ತುಂಬಿದ್ರ 8 ವರ್ಷ ಮುಂದ ಒಯ್ಯಬಹುದು. ಲುಕ್ಸಾನ ಆಗೇದಲ್ಲ ಏನು ತುಂಬೂದು ಅಂತ ಸುಮ್ಮನ ಕೂಡ್ತಾರ, ಅದು ತಪ್ಪು.

ನಮ್ಮ ಸೋದರಮಾವಂದು ಬ್ಯಾಡಗಿ ಮಾರ್ಕೆಟ್‌ನ್ಯಾಗ ಮೆಣಸಿನಕಾಯಿ ದಲಾಲಿ ಅಂಗಡಿ ಇತ್ತು. ಅಂವ ಸ್ವಂತಕ್ಕೂ ಮಾಲು ಹಿಡೀತಿದ್ದ, ಕೋಲ್ಡ್ ಸ್ಟೋರೇಜ್‌ನ್ಯಾಗ ಇಟ್ಟು ರೇಟ್ ಏರಿದ ಮ್ಯಾಲೆ ಮಾರೂದು, ಅದೂ ಟ್ರೇಡಿಂಗ ಅಲ್ಲೇನು. ಒಂದು ವರ್ಷ ರೇಟ್ ಬಿದ್ದಾಗ ಜೋಡೀಲೆ ಮಾಲು ಹಿಡದವರೆಲ್ಲಾ ಬಂದ ರೇಟಿಗೆ ಕೊಟ್ಟು ಕೈ ತೊಳಕೊಂಡ್ರು, ಅಂವ ಮುಂದಿನ ಸುಗ್ಗಿ ತನಕ ಚೀಲ ಅಲ್ಲಾಡಿಸಲಿಲ್ಲ. ಮಾಮಾ ಹೆಂಗ ತಡಕೊಂಡಿ ಅಂತ ಕೇಳಿದ್ರ, "ನಮ್ಮ ಮನೀ ಒಲಿ ದಲಾಲಿ ಮ್ಯಾಲೆ ಉರೀತದ, ಮಾಲಿನ ಮ್ಯಾಲೆ ಉರಿಯಂಗಿಲ್ಲ" ಅಂದಿದ್ದ. ನಿನಗ ದಲಾಲಿ ಅಂದ್ರ ಆ 41,000 ಪಗಾರ.

ಮೂರನೇ ದಾರಿಗೆ ಬರೋಣು. ನೀ ಬಿಡಬ್ಯಾಡ ಅಂತ ನಾ ಹೇಳ್ಲಿಕತ್ತಿಲ್ಲ, ಈಗ ಬಿಡಬ್ಯಾಡ ಅಂತೀನಿ. ಎರಡು ವರ್ಷ ಅಂತ ಯಾಕ ಹೇಳ್ದೆ ಅಂದ್ರ, ತಿಂಗಳಿಗೆ 36,000 ತಗದೂ ಬಂಡವಾಳ ಕರಗಬಾರದಂದ್ರ 3 ಪರ್ಸೆಂಟ್ ಗಳಸಾಂವಗ 12 ಲಕ್ಷ ಬೇಕು, 2 ಪರ್ಸೆಂಟ್ ಗಳಸಾಂವಗ 18 ಲಕ್ಷ. ಅದೂ ಬೆಳೀಲಿಕ್ಕಲ್ಲ, ಇದ್ದಲ್ಲೇ ನಿಲ್ಲಲಿಕ್ಕೆ. ನೀ ಖರೇನ 3 ಪರ್ಸೆಂಟಿನವ ಇದ್ರ ನೌಕರಿ ಮಾಡ್ಕೋತ ಎರಡು ವರ್ಷದಾಗ ಆ 12 ಲಕ್ಷ ತಾನ ಆಗ್ತದ, ಮ್ಯಾಲೆ ಲೆಕ್ಕ ತೋರಿಸೀನಲ್ಲ. ಆಗಲಿಲ್ಲ ಅಂದ್ರ ನಿನ್ನ ಪ್ರಶ್ನೆಗೆ ಉತ್ತರಾನೂ ಸಿಕ್ಕಂಗ ಆತು, ನೌಕರೀನೂ ಉಳದಂಗ ಆತು.

ಆ ಎರಡು ವರ್ಷದಾಗ ಬ್ಯಾರೆ ಕೆಲಸಾನೂ ಆಗ್ತಾವ. ನಿಂದು ಆಫೀಸಿನ್ಯಾಗ ನಾಕು ವರ್ಷ ಮೂರು ತಿಂಗಳು ಆತು ಅಂದಿ. ಐದು ವರ್ಷ ತುಂಬಿದ್ರ ಗ್ರ್ಯಾಚ್ಯುಟಿ, ನಿನ್ನ ಬೇಸಿಕ್ 20,000 ಇದ್ರ 15 ದಿವಸದ್ದು 26ರಿಂದ ಭಾಗಿಸಿ ಐದು ವರ್ಷಕ್ಕ ಗುಣಿಸು, 57,000ದ ಮ್ಯಾಲೆ ಬರ್ತದ. ಒಂಬತ್ತು ತಿಂಗಳಿಗಾಗಿ ಅದನ್ನ ಬಿಟ್ಟು ಹೋಗ್ಲಿಕತ್ತಿದ್ದಿ, ಮತ್ತ ನೀ ಬಿಕಾಂ. ಎರಡನೇದು, ಅಪ್ಪಾರ ಪಾಲಿಸಿ ಈಗನ ಹೊರಗ ಮಾಡಿಸು, ಆಫೀಸಿಂದು ಇದ್ರೂ ಸೈತ. ಮೊದಲ ಇದ್ದ ಕಾಯಿಲೆಗೆ ಮೂರು ವರ್ಷದ ತನಕ ವೇಟಿಂಗ್ ಪೀರಿಯಡ್ ಇರ್ತದ, ಆ ಗಡಿಯಾರ ಪಾಲಿಸಿ ತಗೊಂಡ ದಿವಸದಿಂದ ಶುರು ಆಗೂದು, ನೌಕರಿ ಬಿಟ್ಟ ದಿವಸ ತಗೊಂಡ್ರ ಆ ಮೂರು ವರ್ಷ ಬರೇ ಗಾಳಿ. ಮೂರನೇದು, ಮನಿ ಸಾಲದ್ದು ಏನರೆ ವಿಚಾರ ಇದ್ರ ಪಗಾರ ಚೀಟಿ ಇದ್ದಾಗ ಮುಗಿಸ್ಕೋ, ಆಮ್ಯಾಲೆ ಬ್ಯಾಂಕಿನವರು ಎರಡು ಮೂರು ವರ್ಷದ ಐಟಿಆರ್ ಕೇಳ್ತಾರ, ಅದೂ ಲಾಭ ತೋರಿಸಿದ್ದು.

ಒಂದು ಸಂಗತಿ ಮಾತ್ರ ಈ ಇಡೀ ಲೆಕ್ಕಾನ ತಿರುಗಿಸ್ತದ. ನಿನ್ನ ಹೆಂಡ್ತಿ ಬಿಎಡ್ ಮಾಡ್ಯಾಳ ಅಂದಿದ್ದಿ. ಅಕಿಗೆ ನೌಕರಿ ಸಿಕ್ಕು ತಿಂಗಳಿಗೆ ಒಂದು 25,000 ಬರ್ಲಿಕ್ಕೆ ಶುರು ಆದ್ರ ನೀ ತಗೀಬೇಕಾದದ್ದು 36,000 ಅಲ್ಲ, 11,000. 6 ಲಕ್ಷಕ್ಕ ಅದು ತಿಂಗಳಿಗೆ 1.8 ಪರ್ಸೆಂಟ್, ಅಂದ್ರ ನಿನ್ನ ಈಗಿನ ಅಂಕಿಗೇ ಸರಿಹೋಗ್ತದ, ಆ ಮೂರು ದಿವಸದ ಅನುಮಾನ ಒಂದು ಬಿಟ್ಟು. ಹಂಗಾದ್ರ ಎರಡು ವರ್ಷ ಅನ್ನೋದನ್ನ ನಾ ಒಂದು ವರ್ಷಕ್ಕ ಇಳಸ್ತೀನಿ. ಆದ್ರ ಅಕಿನ್ನ ಕೇಳೀಯೇನು? ನಿನ್ನ ಇಷ್ಟುದ್ದ ಮೆಸೇಜ್‌ನ್ಯಾಗ ಅಕಿ ಏನಂದ್ಲು ಅನ್ನೋದು ಒಂದು ಸಾಲೂ ಇಲ್ಲ.

ರವಿವಾರ ಚಿಗರಿ ಬಸ್ ಹತ್ತಿ ಧಾರವಾಡಕ್ಕ ಬಾ, ಇಬ್ಬರೂ ಬರ್ರಿ, ಮಗಳ್ನೂ ಕರ್ಕೊಂಡು ಬರ್ರಿ. ಹಿಂದಿನ ವರ್ಷದ ಸ್ಟೇಟ್‌ಮೆಂಟೂ ಇದ್ರ ತಗೊಂಡು ಬಾ, ಅದರಾಗೂ ಮ್ಯಾಲಿನ ಮೂರು ದಿವಸ ಅಳಿಸಿ ನೋಡೋಣು. ಲ್ಯಾಪ್‌ಟಾಪ್ ತಾ, ಮೊಬೈಲ್‌ನ್ಯಾಗ ನನಗ ಅಂಕಿ ಕಾಣ್ಸೂದಿಲ್ಲ. ಡ್ರಾಫ್ಟ್‌ನ್ಯಾಗ ಇಟ್ಟೀನಿ ಅಂದ ಆ ರಾಜೀನಾಮೆ ಮೇಲ್ ಅಲ್ಲಿ ತನಕ ಅಲ್ಲೇ ಇರಲಿ.

ನಿನ್ನ ಮಾಸ್ತರ
ಸಪ್ತಾಪುರ, ಧಾರವಾಡ